ಕೆಲಸ ಬಿಟ್ಟ ಮೇಲೆ ಬರುವ ಕೊನೆಯ ಲೆಕ್ಕ: ಫುಲ್ ಅಂಡ್ ಫೈನಲ್ ಹಾಳೆಯನ್ನು ಹಿಂದಿನಿಂದ ಓದುವುದು

"ಅಪ್ಪಚ್ಚಿ, ಇದು ಸರಿ ಇದ್ದೋ?"

ಫೆಬ್ರವರಿಯ ಒಂದು ರಾತ್ರಿ ಅಣ್ಣನ ಮಗಳು ಇಷ್ಟೇ ಬರೆದು ಒಂದು ಪಿಡಿಎಫ್ ಕಳುಹಿಸಿದಳು. ಉಪ್ಪಳದಿಂದ ದಿನಾ ರೈಲು ಹಿಡಿದು ಮಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದವಳು, ಐದೂವರೆ ವರ್ಷದ ಮೇಲೆ ಕೆಲಸ ಬಿಟ್ಟಿದ್ದಳು. ಅದು ಕಂಪನಿಯವರು ಕಳುಹಿಸಿದ ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ ಹಾಳೆ. ಕೆಳಗಡೆ ದಪ್ಪ ಅಕ್ಷರದಲ್ಲಿ 83,591 ರೂಪಾಯಿ. ಮನೆಯಲ್ಲಿ ಎಲ್ಲರೂ ನೋಡಿದ್ದು ಅದೊಂದನ್ನೇ. ಅಡಿಕೆ ಕೊಟ್ಟು ಬಂದ ಚೀಟಿಯಲ್ಲಿ ತೂಕ, ದರ, ಕಳೆದದ್ದು ಎಂದು ಮೂರು ಸಲ ಬೆರಳಿಟ್ಟು ನೋಡುವ ನನ್ನ ಅಣ್ಣ ಕೂಡ ಇದನ್ನು ನೋಡಿ "ಎಂಬತ್ತಮೂರು ಸಾವಿರ ಬಂತಲ್ಲ" ಎಂದು ಸುಮ್ಮನಾಗಿದ್ದ.

ಮಂಗಳೂರಿನ ಒಂದು ಕಚೇರಿಯ ಲೆಕ್ಕದ ವಿಭಾಗದಲ್ಲಿ ಹಲವು ವರ್ಷ ಇಂಥ ಹಾಳೆಗಳನ್ನು ತಯಾರಿಸಿದವನು ನಾನು. ಇವುಗಳಲ್ಲಿ ಮೋಸಕ್ಕಿಂತ ಅಜಾಗ್ರತೆಯೇ ಹೆಚ್ಚು. ಹಾಳೆಯ ಒಂದೊಂದು ಸಾಲೂ ಒಂದು ಗುಣಾಕಾರ: ಎಷ್ಟು ದಿನ, ಯಾವ ಸಂಬಳದ ಮೇಲೆ, ಎಷ್ಟರಿಂದ ಭಾಗಿಸಿ. ಆದರೆ ಈ ಮೂರನ್ನೂ ಬರೆಯದೆ ಉತ್ತರವನ್ನಷ್ಟೇ ಅಚ್ಚು ಹಾಕಿರುತ್ತಾರೆ. ಹಾಗಾಗಿ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿಕೊಂಡು ಹೋಗಿ, ಅವರು ಯಾವ ಸಂಖ್ಯೆ ಹಿಡಿದಿದ್ದಾರೆಂದು ಕಂಡುಹಿಡಿಯಬೇಕು. ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು.

ಮೊದಲು ಕಾಗದ ಒಟ್ಟು ಮಾಡಿ

ಇದನ್ನು ಕೆಲಸದ ಕೊನೆಯ ದಿನಕ್ಕೆ ಮುಂಚೆಯೇ ಮಾಡಬೇಕು. ಕೊನೆಯ ದಿನ ಸಂಜೆ ಕಂಪನಿಯ ಲಾಗಿನ್ ಮುಚ್ಚುತ್ತದೆ, ಆಮೇಲೆ ನಿಮ್ಮದೇ ಪೇಸ್ಲಿಪ್‌ಗೆ ಎಚ್‌ಆರ್‌ನವರನ್ನು ಬೇಡಬೇಕಾಗುತ್ತದೆ. ನೇಮಕಾತಿ ಪತ್ರ, ಸಂಬಳ ಪರಿಷ್ಕರಿಸಿದ ಕೊನೆಯ ಪತ್ರ, ಮೂರು ತಿಂಗಳ ಪೇಸ್ಲಿಪ್, ರಾಜೀನಾಮೆಯ ಇಮೇಲ್ ಮತ್ತು ಅದನ್ನು ಒಪ್ಪಿದ ಉತ್ತರ, ಉಳಿದ ರಜೆ ತೋರಿಸುವ ಪುಟದ ಸ್ಕ್ರೀನ್‌ಶಾಟ್, ಲ್ಯಾಪ್‌ಟಾಪ್ ಗುರುತುಚೀಟಿ ವಾಪಸು ಕೊಟ್ಟದ್ದಕ್ಕೆ ರಶೀದಿ ಅಥವಾ ಒಂದು ಇಮೇಲ್. ಇವನ್ನೆಲ್ಲ ಸ್ವಂತ ಇಮೇಲ್‌ಗೆ ಕಳುಹಿಸಿಕೊಳ್ಳಿ.

ಇವುಗಳಲ್ಲಿ ನೇಮಕಾತಿ ಪತ್ರವೇ ಮುಖ್ಯ. ಸೇರುವ ದಿನ ಖುಷಿಯಲ್ಲಿ ಓದದೆ ಸಹಿ ಹಾಕಿದ ಆ ಏಳೆಂಟು ಪುಟಗಳಲ್ಲಿ ನೋಟಿಸ್ ಪಿರಿಯಡ್ ಬಗ್ಗೆ ಒಂದು ಪ್ಯಾರಾ, ರಜೆಯ ಬಗ್ಗೆ ಒಂದು ಪ್ಯಾರಾ ಇರುತ್ತದೆ. ಅವೆರಡನ್ನು ಹುಡುಕಿ ಗುರುತು ಹಾಕಿಟ್ಟುಕೊಳ್ಳಿ.

ನಮ್ಮ ಹುಡುಗಿಯ ವಿವರ ಇಷ್ಟು. ಸೇರಿದ್ದು 2020ರ ಜೂನ್ 10. ರಾಜೀನಾಮೆ ಕೊಟ್ಟದ್ದು 2025ರ ಡಿಸೆಂಬರ್ 1. ಕೊನೆಯ ದಿನ 2026ರ ಜನವರಿ 17. ತಿಂಗಳ ಗ್ರಾಸ್ ಸಂಬಳ 44,000, ಅದರಲ್ಲಿ ಬೇಸಿಕ್ 22,000, ಉಳಿದದ್ದು ಮನೆಬಾಡಿಗೆ ಭತ್ಯೆ ಮತ್ತು ಇತರ ಭತ್ಯೆ. ಡಿಸೆಂಬರ್ ಸಂಬಳ ಬ್ಯಾಂಕಿಗೆ ಬಂದಿತ್ತು. ಅದನ್ನು ಪಾಸ್‌ಬುಕ್ ನೋಡಿಯೇ ಖಾತ್ರಿ ಮಾಡಿಕೊಂಡೆವು. ರಾಜೀನಾಮೆ ಕೊಟ್ಟವರ ಕೊನೆಯ ಪೂರ್ಣ ತಿಂಗಳ ಸಂಬಳವನ್ನು ತಡೆಹಿಡಿಯುವ ಅಭ್ಯಾಸ ಕೆಲವು ಕಂಪನಿಗಳಿಗೆ ಇದೆ. ಹಾಗಾಗಿದ್ದರೆ ಆ ಮೊತ್ತಕ್ಕೆ ಈ ಹಾಳೆಯಲ್ಲಿ ಒಂದು ಸಾಲು ಇರಲೇಬೇಕು.

ಕಂಪನಿಯ ಹಾಳೆ ಹೀಗಿತ್ತು. ಕೊಡುವ ಕಡೆ: ಜನವರಿ ಸಂಬಳ 24,129, ರಜೆಯ ನಗದು 15,400, ಗ್ರಾಚುಯಿಟಿ 63,462. ಒಟ್ಟು 1,02,991. ಕಳೆಯುವ ಕಡೆ: ನೋಟಿಸ್ ಕಡಿಮೆಯಾದದ್ದಕ್ಕೆ 17,600, ಪಿಎಫ್ 1,800. ಒಟ್ಟು 19,400. ಕೈಗೆ 83,591.

ಸಂಬಳದ ಸಾಲು

24,129ನ್ನು ಕೆಲಸ ಮಾಡಿದ 17 ದಿನದಿಂದ ಭಾಗಿಸಿದರೆ ದಿನಕ್ಕೆ 1,419.35. ಅದನ್ನು ಜನವರಿಯ 31ರಿಂದ ಗುಣಿಸಿದರೆ 44,000. ಅಂದರೆ ಪೂರ್ಣ ಗ್ರಾಸ್ ಹಿಡಿದಿದ್ದಾರೆ, ತಿಂಗಳಲ್ಲಿ ಇರುವಷ್ಟು ದಿನದಿಂದ ಭಾಗಿಸಿದ್ದಾರೆ. ಹಳೆಯ ಪೇಸ್ಲಿಪ್ ಒಂದರಲ್ಲಿ ಸಂಬಳವಿಲ್ಲದ ರಜೆಯ ಕಡಿತ ಇತ್ತು, ಅಲ್ಲಿಯೂ ಇದೇ ರೀತಿ ಭಾಗಿಸಿದ್ದರು. ಸರಿ, ಈ ಸಾಲಿಗೆ ಟಿಕ್ ಹಾಕಿದೆವು.

ರಜೆಯ ನಗದು: ಅವಳ ಅನುಮಾನ ಇದ್ದದ್ದು ಇಲ್ಲಿ

ಉಳಿದ ರಜೆ 21 ದಿನ. 44,000ವನ್ನು 30ರಿಂದ ಭಾಗಿಸಿ 21ರಿಂದ ಗುಣಿಸಿ 30,800 ಬರಬೇಕೆಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ಬಂದದ್ದು ಅದರ ಅರ್ಧ. "ಅರ್ಧಕ್ಕರ್ಧ ನುಂಗಿದ್ದಾರೆ" ಎಂದೇ ಅವಳ ಸಿಟ್ಟು.

ಹಿಂದಿನಿಂದ ನೋಡಿ. 15,400ನ್ನು 21ರಿಂದ ಭಾಗಿಸಿದರೆ 733.33, ಅದು ಗುಣಿಸು 30 ಎಂದರೆ 22,000. ಬೇಸಿಕ್ ಮೇಲೆ ಲೆಕ್ಕ ಮಾಡಿದ್ದಾರೆ. ನೇಮಕಾತಿ ಪತ್ರದ ರಜೆಯ ಪ್ಯಾರಾ ತೆರೆದರೆ ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬಳಸದೆ ಉಳಿದ ಗಳಿಕೆ ರಜೆಗೆ ಬೇಸಿಕ್ ಆಧಾರದಲ್ಲಿ, 30ರಿಂದ ಭಾಗಿಸಿ ಹಣ. ಅಂದಮೇಲೆ ತಪ್ಪಿಲ್ಲ. ಕೆಲವು ಕಂಪನಿಗಳಲ್ಲಿ 26ರಿಂದ ಭಾಗಿಸುತ್ತಾರೆ, ಅಪರೂಪಕ್ಕೆ ಗ್ರಾಸ್ ಮೇಲೆ ಕೊಡುವವರೂ ಇದ್ದಾರೆ. ಪಕ್ಕದ ಕಂಪನಿಯಲ್ಲಿ ಗೆಳತಿಗೆ ಎಷ್ಟು ಬಂತು ಎಂಬುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಈ ಸಾಲಿನಲ್ಲಿ ತಪ್ಪು ಇದ್ದರೆ ಅದು ಸಾಮಾನ್ಯವಾಗಿ ದಿನಗಳ ಸಂಖ್ಯೆಯಲ್ಲಿ ಇರುತ್ತದೆ. ಡಿಸೆಂಬರ್ 31ಕ್ಕೆ ಹಳೆಯ ರಜೆಯ ಒಂದು ಭಾಗ ರದ್ದಾಗುವ ನಿಯಮವಿರುವಲ್ಲಿ ಜನವರಿಯಲ್ಲಿ ಬಿಟ್ಟವರ ಲೆಕ್ಕ ಏರುಪೇರಾಗುತ್ತದೆ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ. ಅವಳದರಲ್ಲಿ 21 ಎಂದೇ ಇತ್ತು. ಸಾಂದರ್ಭಿಕ ರಜೆ, ಅನಾರೋಗ್ಯ ರಜೆಗೆ ಹಣ ಸಿಗುವುದು ಕಡಿಮೆ, ಅದನ್ನು ಸೇರಿಸಿ ಕೂತುಕೊಳ್ಳಬೇಡಿ.

ನೋಟಿಸ್ ಕಡಿತ: ನಿಜವಾದ ತಪ್ಪು ಇಲ್ಲಿತ್ತು

ಅವಳ ನೋಟಿಸ್ ಪಿರಿಯಡ್ 60 ದಿನ. ಡಿಸೆಂಬರ್ 1ರಿಂದ ಎಣಿಸಿದರೆ ಡಿಸೆಂಬರಿನಲ್ಲಿ 31, ಜನವರಿ 29ಕ್ಕೆ 60 ಮುಗಿಯುತ್ತದೆ. ಅವಳು 17ಕ್ಕೆ ಬಿಟ್ಟಳು, 12 ದಿನ ಕಡಿಮೆ. ಹಾಳೆಯಲ್ಲಿಯೂ 12 ದಿನ ಎಂದೇ ಇತ್ತು. ದಿನದ ಎಣಿಕೆಯನ್ನು ಕ್ಯಾಲೆಂಡರ್ ಮುಂದಿಟ್ಟು ಮಾಡಿ, ಯಾಕೆಂದರೆ ನೀವು ರಾಜೀನಾಮೆ ಕಳುಹಿಸಿದ ದಿನದ ಬದಲು ಮ್ಯಾನೇಜರ್ ಅದನ್ನು ಒಪ್ಪಿದ ದಿನದಿಂದ ಎಣಿಸುವವರಿದ್ದಾರೆ. ಮ್ಯಾನೇಜರ್ ನಾಲ್ಕು ದಿನ ಇಮೇಲ್ ನೋಡದಿದ್ದರೆ ಆ ನಾಲ್ಕು ದಿನದ ಹಣ ನಿಮ್ಮ ತಲೆಗೆ ಬೀಳುತ್ತದೆ. ರಾಜೀನಾಮೆಯನ್ನು ಬಾಯಲ್ಲಿ ಹೇಳದೆ ಇಮೇಲ್‌ನಲ್ಲಿಯೇ ಕೊಡಬೇಕು ಎನ್ನುವುದು ಈ ಕಾರಣಕ್ಕೆ.

ಇನ್ನು ಮೊತ್ತ. 17,600 ಭಾಗಿಸು 12 ಎಂದರೆ 1,466.67. ಗುಣಿಸು 30 ಎಂದರೆ 44,000. ನೋಡಿ, ರಜೆಗೆ ಹಣ ಕೊಡುವಾಗ ಬೇಸಿಕ್, ನೋಟಿಸಿಗೆ ಹಣ ಹಿಡಿಯುವಾಗ ಗ್ರಾಸ್! ಕೊಡುವ ಕೈಗೆ ಒಂದು ಸೇರು, ತೆಗೆದುಕೊಳ್ಳುವ ಕೈಗೆ ಇನ್ನೊಂದು ಸೇರು.

ಆದರೆ ಇದನ್ನು ಕಂಡ ತಕ್ಷಣ ಜಗಳಕ್ಕೆ ಹೋಗಬಾರದು. ಎರಡಕ್ಕೂ ಬೇರೆಬೇರೆ ಆಧಾರವನ್ನು ನೇಮಕಾತಿ ಪತ್ರದಲ್ಲೇ ಬರೆದು ನಿಮ್ಮಿಂದ ಸಹಿ ಹಾಕಿಸಿಕೊಂಡಿರುವ ಕಂಪನಿಗಳು ಬೇಕಾದಷ್ಟಿವೆ. ಹಾಗಿದ್ದರೆ ವಾದಕ್ಕೆ ಬಲ ಕಡಿಮೆ. ಅವಳ ಪತ್ರ ತೆರೆದು ನೋಡಿದೆವು. "ನೋಟಿಸ್ ಅವಧಿ ಅಥವಾ ಅದರ ಬದಲಿಗೆ ಬೇಸಿಕ್ ಸಂಬಳ" ಎಂದು ಇತ್ತು. ಬೇಸಿಕ್ ಎಂಬ ಆ ಒಂದು ಪದಕ್ಕೆ 8,800 ರೂಪಾಯಿ ಬೆಲೆ. 22,000 ಭಾಗಿಸು 30, ಗುಣಿಸು 12 ಎಂದರೆ 8,800 ಮಾತ್ರ ಹಿಡಿಯಬೇಕಿತ್ತು.

ಇನ್ನೊಂದು ಸಣ್ಣ ವಿಷಯವೂ ಅವಳ ಕಣ್ಣಿಗೆ ಬಿತ್ತು. ಜನವರಿ ಸಂಬಳ ಕೊಡುವಾಗ 31ರಿಂದ ಭಾಗಿಸಿದವರು ಅದೇ ಜನವರಿಯ ನೋಟಿಸ್ ದಿನಗಳನ್ನು ಹಿಡಿಯುವಾಗ 30ರಿಂದ ಭಾಗಿಸಿದ್ದರು. ಬೇಸಿಕ್ ಮೇಲೆ ನೋಡಿದರೆ ಇದರ ವ್ಯತ್ಯಾಸ 284 ರೂಪಾಯಿ. ಇದನ್ನು ಬಿಟ್ಟುಬಿಡು ಎಂದೆ. ದೊಡ್ಡ ತಪ್ಪಿನ ಜೊತೆ ಚಿಲ್ಲರೆ ತಪ್ಪು ಸೇರಿಸಿ ಬರೆದರೆ ಎಚ್‌ಆರ್‌ನವರು ಚಿಲ್ಲರೆಗೆ ಉದ್ದುದ್ದ ಉತ್ತರ ಕೊಟ್ಟು ದೊಡ್ಡದನ್ನು ಮರೆಸುತ್ತಾರೆ. ನಾನೂ ಆ ಕುರ್ಚಿಯಲ್ಲಿ ಕೂತವನೇ.

ಗ್ರಾಚುಯಿಟಿ: ಯಾರೂ ನೋಡದ ಸಾಲು

ಗ್ರಾಚುಯಿಟಿಯ ಸೂತ್ರ ಕಾನೂನಿನಲ್ಲೇ ಇರುವುದರಿಂದ ನೇಮಕಾತಿ ಪತ್ರ ಅದನ್ನು ಕಡಿಮೆ ಮಾಡಲಾರದು. ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಐದು ವರ್ಷ ಸತತ ಕೆಲಸ ಮಾಡಿ ರಾಜೀನಾಮೆ ಕೊಟ್ಟವರಿಗೆ ಇದು ಹಕ್ಕು. ಕೊನೆಯ ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಬೇಕು. ಭಾನುವಾರಗಳನ್ನು ಬಿಟ್ಟರೆ ತಿಂಗಳಿಗೆ ಕೆಲಸದ ದಿನ 26 ಎಂಬ ಲೆಕ್ಕದಿಂದ ಆ 26 ಬಂದಿದೆ. ಇದನ್ನೂ 30ರಿಂದ ಭಾಗಿಸಿದ ಹಾಳೆಗಳನ್ನು ನಾನು ನೋಡಿದ್ದೇನೆ. ಈ ಕಾಯಿದೆಯ ಕೆಳಗೆ ಬರುವ ಸಂಸ್ಥೆಯಲ್ಲಿ ತಿಂಗಳ ಸಂಬಳದವರಿಗೆ ಹಾಗೆ ಮಾಡುವುದು ತಪ್ಪು.

ಹಿಂದಿನಿಂದ ಬನ್ನಿ. 63,462 ಗುಣಿಸು 26, ಭಾಗಿಸು 15, ಭಾಗಿಸು 22,000. ಉತ್ತರ 5. ಅಂದರೆ ಅವಳ ಸೇವೆಯನ್ನು ಐದು ವರ್ಷ ಎಂದು ಹಿಡಿದಿದ್ದಾರೆ.

2020ರ ಜೂನ್ 10ರಿಂದ 2026ರ ಜನವರಿ 17 ಎಂದರೆ ಐದು ವರ್ಷ ಏಳು ತಿಂಗಳು ಚಿಲ್ಲರೆ. ಆರು ತಿಂಗಳಿಗಿಂತ ಹೆಚ್ಚಿನ ತುಂಡು ವರ್ಷವನ್ನು ಪೂರ್ತಿ ವರ್ಷವೆಂದು ಹಿಡಿಯಬೇಕೆಂಬುದು ಕಾನೂನಿನ ಮಾತು. ಆರು ತಿಂಗಳಿಗಿಂತ ಕಡಿಮೆಯಾದರೆ ಆ ತುಂಡು ಹೋಯಿತು. ಹಾಗಾಗಿ ಅವಳದು ಆರು ವರ್ಷ: 22,000 ಗುಣಿಸು 15, ಭಾಗಿಸು 26, ಗುಣಿಸು 6. 76,154 ರೂಪಾಯಿ. ಇಲ್ಲಿ ಹೋದದ್ದು 12,692.

ಇದು ಹೇಗೆ ಆಗುತ್ತದೆಂದರೆ, ಸಾಫ್ಟ್‌ವೇರಿನಲ್ಲಿ "ಪೂರ್ಣಗೊಂಡ ವರ್ಷ" ಎಂಬ ಖಾನೆ ಸೇವೆಯ ಪತ್ರಕ್ಕೆ ಬೇರೆ, ಗ್ರಾಚುಯಿಟಿಗೆ ಬೇರೆ ಇರಬೇಕು. ಒಂದೇ ಖಾನೆಯಿಂದ ಎರಡಕ್ಕೂ ಸಂಖ್ಯೆ ಎಳೆದರೆ ಇದೇ ಫಲ. ಇದರಲ್ಲಿ ಯಾರದೂ ದುರುದ್ದೇಶ ಇರಬೇಕೆಂದಿಲ್ಲ. ಆದರೆ ಕೇಳದವರಿಗೆ ಆ ಹಣ ಬರುವುದಿಲ್ಲ.

ಇಲ್ಲಿ ಒಂದು ಹೊಸ ಸಂಗತಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ "ವೇತನ" ಎಂಬುದಕ್ಕೆ ಹೊಸ ಅರ್ಥ ಕೊಟ್ಟಿದ್ದಾರೆ. ವೇತನದಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಅವಳ ಬೇಸಿಕ್ ಸರಿಯಾಗಿ ಅರ್ಧ ಇದ್ದುದರಿಂದ ನಾವು ಆ ಚರ್ಚೆಗೆ ಹೋಗಲಿಲ್ಲ. ಗ್ರಾಸ್ 44,000 ಇದ್ದು ಬೇಸಿಕ್ 14,000 ಎಂದು ತೋರಿಸಿರುವವರು ಮಾತ್ರ ಈ ತಾರೀಖಿನ ನಂತರ ಬಿಟ್ಟಿದ್ದರೆ ಗ್ರಾಚುಯಿಟಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಿದ್ದೀರಿ ಎಂದು ಬರಹದಲ್ಲಿ ಕೇಳಲೇಬೇಕು. ನಿಗದಿತ ಅವಧಿಯ ಕರಾರಿನಲ್ಲಿ ಇದ್ದವರಿಗೆ ಐದು ವರ್ಷದ ಬದಲು ಒಂದು ವರ್ಷ ಸಾಕು ಎಂಬುದೂ ಇದೇ ಸಂಹಿತೆಯಿಂದ ಬಂದದ್ದು.

ಪಿಎಫ್ ಸಾಲಿನಲ್ಲಿ ಅಡಗಿದ್ದ ತಪ್ಪು

1,800 ಎಂಬ ಸಂಖ್ಯೆ ಅವಳ ಪ್ರತಿ ತಿಂಗಳ ಪೇಸ್ಲಿಪ್‌ನಲ್ಲೂ ಇತ್ತು, ಹಾಗಾಗಿ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. 15,000 ರೂಪಾಯಿಯ ಮಿತಿಯ ಮೇಲೆ ಶೇಕಡಾ 12 ಎಂದರೆ 1,800. ಆದರೆ ಜನವರಿಯಲ್ಲಿ ಅವಳು ದುಡಿದದ್ದು 17 ದಿನ. ಆ ದಿನಗಳ ಬೇಸಿಕ್ 12,065 ಆಗುತ್ತದೆ, ಮಿತಿಗಿಂತ ಕಡಿಮೆ. ಅದರ ಶೇಕಡಾ 12 ಎಂದರೆ 1,448. ರಜೆಯ ನಗದನ್ನೂ ಸಂಬಳಕ್ಕೆ ಸೇರಿಸಿದ್ದರಿಂದ ಮಿತಿ ತುಂಬಿ 1,800 ಆಗಿದೆ.

ರಜೆಯ ನಗದಿನ ಮೇಲೆ ಪಿಎಫ್ ಹಿಡಿಯಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ಪಕ್ಕದ ಮಣಿಪಾಲದಿಂದಲೇ. ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್ ಪ್ರಕರಣದಲ್ಲಿ 2008ರಲ್ಲಿ ಬಂದ ತೀರ್ಪು, ರಜೆಯ ನಗದು ಪಿಎಫ್ ಲೆಕ್ಕದ ಮೂಲ ವೇತನದೊಳಗೆ ಬರುವುದಿಲ್ಲ ಎಂದಿತು.

ಆದರೂ ಇಲ್ಲಿನ 352 ರೂಪಾಯಿಗೆ ಹೋರಾಡಬೇಡ ಎಂದೆ. ಆ ಹಣ ಅವಳದೇ ಪಿಎಫ್ ಖಾತೆಗೆ ಹೋಗುತ್ತದೆ, ಕಂಪನಿಯೂ ತನ್ನ ಪಾಲು ಹಾಕಬೇಕಾಗುತ್ತದೆ. ನೋಡಬೇಕಾದದ್ದು, ಹಿಡಿದ ಹಣ ನಿಜವಾಗಿ ಖಾತೆಗೆ ಬಿತ್ತೇ ಎಂಬುದು ಮಾತ್ರ. ಅಂದ ಹಾಗೆ, ಇಷ್ಟು ವರ್ಷ ಕೂಡಿದ ಪಿಎಫ್ ಹಣ ಈ ಹಾಳೆಯಲ್ಲಿ ಬರುವುದಿಲ್ಲ. ಅದನ್ನು ಕಾಣದೆ ಗಾಬರಿಯಾದವರು ಬಹಳ ಜನ. ಅದು ಪಿಎಫ್ ಕಚೇರಿಯಲ್ಲಿದೆ, ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳುವುದು ಬೇರೆಯೇ ಕೆಲಸ.

ಗಡಿಯಾಚೆಯ ಕೆಲಸಕ್ಕೆ ಯಾವ ರಾಜ್ಯದ ಲೆಕ್ಕ?

ಮನೆ ಕಾಸರಗೋಡು ಜಿಲ್ಲೆಯಲ್ಲಿ, ಕೆಲಸ ತಲಪಾಡಿಯ ಆಚೆ ಎಂಬುದು ನಮ್ಮಲ್ಲಿ ಮಾಮೂಲು. ವೃತ್ತಿ ತೆರಿಗೆ ಕೆಲಸದ ಜಾಗದ ಪ್ರಕಾರ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಜನವರಿಯ ತುಂಡು ಸಂಬಳ ಅಷ್ಟು ಮುಟ್ಟದ್ದರಿಂದ ಅವಳ ಹಾಳೆಯಲ್ಲಿ ಆ ಸಾಲು ಇಲ್ಲದಿದ್ದದ್ದು ಸರಿಯೇ. ಕಾಸರಗೋಡು ಪೇಟೆಯಲ್ಲೇ ಕೆಲಸ ಮಾಡಿದವರಿಗೆ ಅದು ತೊಳಿಲ್ ನಿಕುತಿ, ಪಂಚಾಯತ್ ಅಥವಾ ನಗರಸಭೆಗೆ ಅರ್ಧ ವರ್ಷಕ್ಕೊಮ್ಮೆ ಹೋಗುವಂಥದ್ದು. ಹಾಗಾಗಿ ಕೊನೆಯ ಹಾಳೆಯಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಕಂಡರೆ ಹೆದರಬೇಕಿಲ್ಲ, ಆ ಅರ್ಧ ವರ್ಷದ್ದು ಮೊದಲೇ ಹಿಡಿದಿದ್ದಾರೆಯೇ ಎಂದಷ್ಟೇ ನೋಡಿ. ದೂರು ಕೊಡುವ ಪ್ರಸಂಗ ಬಂದರೂ ಹೀಗೆಯೇ: ಮಂಗಳೂರಿನ ಕೆಲಸಕ್ಕೆ ಮಂಗಳೂರಿನ ಕಾರ್ಮಿಕ ಇಲಾಖೆ.

ಬರೆಯುವುದು ಹೇಗೆ, ಯಾವಾಗ

ಹಾಳೆಯ ಜೊತೆ ಸಾಮಾನ್ಯವಾಗಿ ಒಂದು ಒಪ್ಪಿಗೆ ಪತ್ರ ಬರುತ್ತದೆ: "ಎಲ್ಲ ಬಾಕಿ ಸಂದಿದೆ, ಇನ್ನು ಮುಂದೆ ಯಾವ ಹಕ್ಕೂ ಇಲ್ಲ." ಲೆಕ್ಕ ಸರಿಯಾಗುವವರೆಗೆ ಅದಕ್ಕೆ ಸಹಿ ಹಾಕಬೇಡಿ. ಹಣ ತುರ್ತಾಗಿ ಬೇಕಿದ್ದು ಸಹಿ ಹಾಕಲೇಬೇಕಾದರೆ, ಇಂಥಿಂಥ ಸಾಲಿನ ಬಗ್ಗೆ ಆಕ್ಷೇಪ ಉಳಿಸಿಕೊಂಡು ಹಣ ಪಡೆದಿದ್ದೇನೆ ಎಂದು ಸಹಿಯ ಮೇಲೆಯೇ ಬರೆಯಿರಿ, ಅದನ್ನೇ ಇಮೇಲ್‌ನಲ್ಲೂ ಕಳುಹಿಸಿ.

ಅವಳ ಇಮೇಲ್ ಎಂಟು ಸಾಲು. ಕೋಪ ಇಲ್ಲ, ಕಾನೂನಿನ ಪುಟ ಇಲ್ಲ. ನೋಟಿಸ್ ಸಾಲಿಗೆ ನೇಮಕಾತಿ ಪತ್ರದ ಪ್ಯಾರಾ ಸಂಖ್ಯೆ ಮತ್ತು ಆ ಪುಟದ ಫೋಟೊ, 17,600ರ ಬದಲು 8,800. ಗ್ರಾಚುಯಿಟಿಗೆ ಸೇರಿದ ದಿನ, ಬಿಟ್ಟ ದಿನ, ಆರು ವರ್ಷ ಎಂಬ ಲೆಕ್ಕ, 63,462ರ ಬದಲು 76,154. ಪರಿಷ್ಕೃತ ಹಾಳೆ ಇಂಥ ದಿನದೊಳಗೆ ಕಳುಹಿಸಿ ಎಂಬ ಕೊನೆಯ ಸಾಲು. ಫೋನಿನಲ್ಲಿ ಮಾತಾಡಿದರೂ ಆಮೇಲೆ "ಈಗ ಮಾತಾಡಿದ ಪ್ರಕಾರ" ಎಂದು ಒಂದು ಇಮೇಲ್ ಹಾಕಿಟ್ಟುಕೊಳ್ಳಬೇಕು.

ಗಡುವಿನ ವಿಷಯಕ್ಕೆ ಬಂದರೆ, "45 ದಿನದಲ್ಲಿ ಸೆಟ್ಲ್‌ಮೆಂಟ್" ಎಂಬುದು ಕಂಪನಿಗಳ ಪದ್ಧತಿ ಅಷ್ಟೇ. ಹಳೆಯ ವೇತನ ಪಾವತಿ ಕಾಯಿದೆಯಲ್ಲಿ ಎರಡು ದಿನದ ಗಡುವು ಇದ್ದದ್ದು ಕಂಪನಿಯೇ ಕೆಲಸದಿಂದ ತೆಗೆದವರಿಗೆ. ಈಗಿನ ವೇತನ ಸಂಹಿತೆ ರಾಜೀನಾಮೆ ಕೊಟ್ಟವರನ್ನೂ ಅದರೊಳಗೆ ತಂದಿದೆ: ಬಾಕಿ ವೇತನ ಎರಡು ಕೆಲಸದ ದಿನದೊಳಗೆ. ಗ್ರಾಚುಯಿಟಿಗೆ ಗಡುವು 30 ದಿನ, ದಾಟಿದರೆ ಬಡ್ಡಿ. ಕಂಪನಿಗಳು ಇನ್ನೂ ಹಳೆಯ ತಾಳಕ್ಕೇ ಕುಣಿಯುತ್ತಿವೆ, ಅದು ಬೇರೆ ಮಾತು. ಜನವರಿ 17 ಶನಿವಾರ ಬಿಟ್ಟವಳ ಸಂಬಳದ ಬಾಕಿ 20ರೊಳಗೆ ಬರಬೇಕಿತ್ತು. ನೆನಪಿಸುವ ಇಮೇಲ್‌ನಲ್ಲಿ ಈ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಸೇರಿಸಿದೆವು.

ಗ್ರಾಚುಯಿಟಿಯನ್ನು ಮೂರನೆಯ ದಿನವೇ ಸರಿ ಮಾಡಿದರು. ನೋಟಿಸ್ ವಿಷಯದಲ್ಲಿ "ನಮ್ಮ ಪಾಲಿಸಿ ಗ್ರಾಸ್ ಮೇಲೆ" ಎಂದು ಮೊದಲು ಉತ್ತರ ಬಂತು. ಪಾಲಿಸಿ ಎಂದರೆ ಅವಳ ಸಹಿ ಇಲ್ಲದ, ಆಮೇಲೆ ಮಾಡಿದ ಒಂದು ದಾಖಲೆ. ಅವಳು ಸಹಿ ಹಾಕಿದ್ದು ನೇಮಕಾತಿ ಪತ್ರಕ್ಕೆ ಎಂದು ಅದೇ ಪುಟವನ್ನು ಮತ್ತೊಮ್ಮೆ ಕಳುಹಿಸಿದೆವು. ಹತ್ತು ದಿನ ಮೌನ, ಆಮೇಲೆ ಹೊಸ ಹಾಳೆ: 1,05,083. ಮೊದಲಿನದಕ್ಕಿಂತ 21,492 ಹೆಚ್ಚು. ಪಿಎಫ್ ಸಾಲಿನಲ್ಲಿ 1,800 ಹಾಗೆಯೇ ಇತ್ತು.

ಇನ್ನು ಉಳಿದದ್ದು ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖು. ಅದನ್ನು ಕಂಪನಿ ದಾಖಲಿಸದಿದ್ದರೆ ಹಣ ತೆಗೆಯಲೂ ವರ್ಗಾಯಿಸಲೂ ತೊಡಕು. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರೇ ಯುಎಎನ್ ಲಾಗಿನ್‌ನಲ್ಲಿ ಅದನ್ನು ಹಾಕಬಹುದು. ಪಾಸ್‌ಬುಕ್ಕಿನಲ್ಲಿ ಜನವರಿಯ 1,800 ಕಾಣಿಸಿದ ದಿನ ಅವಳು ಅದರ ಫೋಟೊ ಕಳುಹಿಸಿದಳು. ತಾರೀಖಿನ ಖಾನೆ ಮಾತ್ರ ಇನ್ನೂ ಖಾಲಿ ಇತ್ತು.